ಎಣ್ಣೆ ಮುಖ, ಆರದ ಬೆವರು: ನಿಂಬೆ, ಪೇಸ್ಟ್, ಸ್ಕ್ರಬ್ ಬಿಟ್ಟ ಮೇಲೆ ಏನು ಮಾಡಬೇಕು?

ಪ್ರಶ್ನೆ: ನನಗೆ 24 ವರ್ಷ. ವರ್ಷದ ಬಹುಪಾಲು ಬೆವರು ಆರದ ನಗರದಲ್ಲಿ ಕೆಲಸಕ್ಕಿದ್ದೇನೆ. ಬೆಳಿಗ್ಗೆ ಮುಖ ತೊಳೆದು ಕಚೇರಿ ಸೇರುವಷ್ಟರಲ್ಲಿ ಹಣೆ, ಮೂಗು ಜಿಡ್ಡುಗಟ್ಟಿರುತ್ತವೆ. ದಿನಕ್ಕೆ ಐದಾರು ಸಲ ಸೋಪು ಹಚ್ಚಿ ತೊಳೆಯುತ್ತೇನೆ. ವಾರಕ್ಕೆ ಮೂರು ಸಲ ಸ್ಕ್ರಬ್, ಕಲೆಗಳಿಗೆ ನಿಂಬೆರಸ, ಮೊಡವೆ ಎದ್ದ ರಾತ್ರಿ ಅದರ ಮೇಲೆ ಟೂತ್‌ಪೇಸ್ಟ್. ಮೊಡವೆ ಒಣಗುತ್ತದೆ, ಆದರೆ ಪಕ್ಕದಲ್ಲೇ ಇನ್ನೊಂದು ಏಳುತ್ತದೆ. ಕಲೆ ಹೋಗುವುದೇ ಇಲ್ಲ. ಈಗ ಮುಖ ಜಿಡ್ಡೂ ಹೌದು, ಉರಿಯೂ ಹೌದು. ಮಾಯಿಶ್ಚರೈಸರ್ ಹಚ್ಚಿ ಎನ್ನುತ್ತಾರೆ, ಇರುವ ಎಣ್ಣೆಯೇ ಸಾಲದೇ? ಏನು ಬಿಡಲಿ, ಏನು ಹಚ್ಚಲಿ ಡಾಕ್ಟರೇ?

ಉತ್ತರ: ಇಂದು ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮೊಡವೆ ಇಂದು ಹುಟ್ಟಿದ್ದಲ್ಲ. ಅದು ಶುರುವಾಗಿ ಆಗಲೇ ಕೆಲವು ವಾರಗಳು ಕಳೆದಿವೆ. ನಮ್ಮ ಮುಖದ ಪ್ರತಿಯೊಂದು ರೋಮರಂಧ್ರದ ಒಳಗೋಡೆಯಿಂದ ಸತ್ತ ಜೀವಕೋಶಗಳು ಉದುರುತ್ತಲೇ ಇರುತ್ತವೆ. ಆ ರಂಧ್ರಕ್ಕೆ ಸೇರಿಕೊಂಡಿರುವ ಎಣ್ಣೆ ಗ್ರಂಥಿಯಿಂದ ಬರುವ ಜಿಡ್ಡಿನೊಂದಿಗೆ ಅವು ಮೇಲಕ್ಕೆ ಬಂದು ತೊಳೆದುಹೋಗಬೇಕು. ಮೊಡವೆಯ ಸ್ವಭಾವದ ಚರ್ಮದಲ್ಲಿ ಹಾಗಾಗುವುದಿಲ್ಲ. ಕೋಶಗಳು ಬಿಡಿಬಿಡಿಯಾಗಿ ಉದುರದೆ ಒಂದಕ್ಕೊಂದು ಅಂಟಿಕೊಂಡು ರಂಧ್ರದೊಳಗೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಹಿಂದೆ ಎಣ್ಣೆ ತುಂಬುತ್ತದೆ. ಚರ್ಮದ ಮೇಲೆ ಮಾಮೂಲಾಗಿ ವಾಸಿಸುವ, ಎಣ್ಣೆಯನ್ನೇ ಉಂಡು ಬದುಕುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಗಳು ಒಳಗೆ ಹೆಚ್ಚುತ್ತವೆ. ರಂಧ್ರದ ಗೋಡೆ ಉಬ್ಬಿ, ಕೊನೆಗೊಮ್ಮೆ ಬಿರುಕುಬಿಟ್ಟು ಒಳಗಿನದೆಲ್ಲ ಸುತ್ತಲಿನ ಚರ್ಮಕ್ಕೆ ಸೋರಿದಾಗ ಕೆಂಪು, ನೋವು, ಕೀವು. ನೀವು ಪೇಸ್ಟ್ ಹಿಡಿದು ಕನ್ನಡಿಯ ಮುಂದೆ ನಿಲ್ಲುವುದು ಈ ಕೊನೆಯ ಹಂತದಲ್ಲಿ.

ಪಕ್ಕದಲ್ಲೇ ಇನ್ನೊಂದು ಏಳುವುದು ಇದೇ ಕಾರಣಕ್ಕೆ. ಕಾಣುವ ಒಂದು ಮೊಡವೆಯ ಸುತ್ತ, ಕಣ್ಣಿಗೆ ಬೀಳದ ಸಣ್ಣ ಸಣ್ಣ ಅಡಚಣೆಗಳು ಹಲವಾರು ರಂಧ್ರಗಳಲ್ಲಿ ಸಿದ್ಧವಾಗುತ್ತಿರುತ್ತವೆ. ಹಾಗಾಗಿ ಔಷಧ ಹಚ್ಚಬೇಕಾದದ್ದು ಮೊಡವೆಯ ಮೇಲಲ್ಲ, ಮೊಡವೆ ಏಳುವ ಇಡೀ ಪ್ರದೇಶಕ್ಕೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಸೆಕೆಯ ಪಾಲು ಎಷ್ಟು ಎಂಬುದನ್ನೂ ಹೇಳಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗುವುದಿಲ್ಲ, ಮುಖದ ಮೇಲೆಯೇ ನಿಂತು ಎಣ್ಣೆಯೊಂದಿಗೆ ಬೆರೆತು ತೆಳುವಾದ ಪದರವಾಗುತ್ತದೆ. ನೀವು ಎಣ್ಣೆ ಎಂದುಕೊಳ್ಳುವ ಹೊಳಪಿನಲ್ಲಿ ಒಂದು ಪಾಲು ಹೀಗೆ ಆರದೆ ನಿಂತ ಬೆವರು. ಇನ್ನೂ ಒಂದು ಸಂಗತಿ ಇದೆ. ದಿನವಿಡೀ ಒದ್ದೆಯಾಗಿರುವ ಚರ್ಮದ ಹೊರಪದರ ನೀರು ಹೀರಿ ಉಬ್ಬುತ್ತದೆ, ಉಬ್ಬಿದಾಗ ರಂಧ್ರದ ಬಾಯಿ ಕಿರಿದಾಗುತ್ತದೆ. ಆಗಲೇ ಅರ್ಧ ಮುಚ್ಚಿದ್ದ ರಂಧ್ರಕ್ಕೆ ಅಷ್ಟೇ ಸಾಕು. ಮಾಸ್ಕ್, ಹೆಲ್ಮೆಟ್ ಪಟ್ಟಿ ಅಥವಾ ಬೆವರಿಗೆ ಅಂಟಿದ ಮುಂಗೂದಲು ಇದರ ಮೇಲೆ ಉಜ್ಜುತ್ತಿದ್ದರೆ ಸರಿಯಾಗಿ ಅಲ್ಲಲ್ಲೇ ಮೊಡವೆಗಳು ಸಾಲುಗಟ್ಟುತ್ತವೆ.

ಹಾಗಾದರೆ ಮೇಲಿಂದ ಮೇಲೆ ತೊಳೆಯುವುದು ಸರಿಯಲ್ಲವೇ ಎಂದು ನಿಮಗೆ ಅನ್ನಿಸಬಹುದು. ಎಣ್ಣೆ ಗ್ರಂಥಿ ಕೆಲಸ ಮಾಡುವುದು ಹಾರ್ಮೋನುಗಳ, ಅದರಲ್ಲೂ ಆಂಡ್ರೋಜನ್‌ಗಳ ಮಾತು ಕೇಳಿ. ಮುಖ ತೊಳೆದದ್ದು ಅದಕ್ಕೆ ತಿಳಿಯುವುದೇ ಇಲ್ಲ. ತೊಳೆದ ಕೆಲವೇ ಗಂಟೆಗಳಲ್ಲಿ ಮೊದಲಿನಷ್ಟೇ ಎಣ್ಣೆ ಮೇಲೆ ಬಂದಿರುತ್ತದೆ. ಹೆಚ್ಚು ತೊಳೆದರೆ ಗ್ರಂಥಿ ಸೇಡು ತೀರಿಸಿಕೊಳ್ಳುವಂತೆ ಇನ್ನೂ ಹೆಚ್ಚು ಎಣ್ಣೆ ಸುರಿಸುತ್ತದೆ ಎಂದು ಎಲ್ಲೆಡೆ ಬರೆದಿರುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ನಿಜವಾದ ಹಾನಿ ಬೇರೆ ಕಡೆ ಆಗುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಪ್ರತಿ ಸಲ ಸೋಪು ಹಚ್ಚಿದಾಗಲೂ ಚರ್ಮ ತನ್ನ ಸ್ಥಿತಿಗೆ ಮರಳಲು ಸಮಯ ಬೇಕು. ಐದಾರು ಸಲ ತೊಳೆದರೆ ಆ ಬಿಡುವೇ ಸಿಗುವುದಿಲ್ಲ. ಹೊರಪದರದ ಕೋಶಗಳ ನಡುವೆ ನೀರು ಸೋರದಂತೆ ತಡೆಯುವ ಕೊಬ್ಬು ತೊಳೆದುಹೋಗುತ್ತದೆ. ಗ್ರಂಥಿಯ ಎಣ್ಣೆ ಮಾತ್ರ ಬರುತ್ತಲೇ ಇರುತ್ತದೆ. ಮೇಲೆ ಜಿಡ್ಡು, ಒಳಗೆ ಉರಿ ಮತ್ತು ಬಿಗಿತ ಎರಡೂ ಒಟ್ಟಿಗೆ ಇರುವ ನಿಮ್ಮ ಸ್ಥಿತಿ ಇದೇ. ಗ್ರಂಥಿಯ ಎಣ್ಣೆ ಬೇರೆ, ಚರ್ಮದ ಕೋಶಗಳ ನಡುವಿನ ಕೊಬ್ಬು ಬೇರೆ. ಮೊದಲನೆಯದು ಎಷ್ಟೇ ಇದ್ದರೂ ಎರಡನೆಯದರ ಕೊರತೆಯನ್ನು ತುಂಬುವುದಿಲ್ಲ. ಮಾಯಿಶ್ಚರೈಸರ್ ಯಾಕೆ ಬೇಕು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಈಗ ನಿಂಬೆ. ಅದರ ರಸದ ಪಿಎಚ್ 2ರ ಆಸುಪಾಸು. ಚರ್ಮಕ್ಕೂ ಅದಕ್ಕೂ ಇರುವ ವ್ಯತ್ಯಾಸ ಮೂರು ಅಂಕೆ ಎಂದರೆ ಸಣ್ಣದೆನಿಸಬಹುದು. ಆದರೆ ಪಿಎಚ್ ಲೆಕ್ಕದಲ್ಲಿ ಒಂದೊಂದು ಅಂಕೆ ಇಳಿದಾಗಲೂ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ, ಮೂರು ಅಂಕೆಗೆ ಸಾವಿರ ಪಟ್ಟು. ಮೊಡವೆ ಒಡೆದ ಜಾಗಕ್ಕೆ ಹಚ್ಚಿದಾಗ ಚುರ್ರೆನ್ನುವುದು ಔಷಧ ಕೆಲಸ ಮಾಡುತ್ತಿರುವ ಲಕ್ಷಣವಲ್ಲ, ಸುಡುತ್ತಿರುವ ಲಕ್ಷಣ. ನಿಂಬೆಯಲ್ಲಿ ವಿಟಮಿನ್ ಸಿ ಇದೆಯಲ್ಲ ಎಂದು ನನ್ನಲ್ಲಿಗೆ ಬರುವವರು ವಾದಿಸುತ್ತಾರೆ. ಇದೆ, ನೂರು ಗ್ರಾಂ ರಸದಲ್ಲಿ ಸುಮಾರು 40ರಿಂದ 50 ಮಿಲಿಗ್ರಾಂ, ಅಂದರೆ ಶೇ 0.05ರಷ್ಟು. ಕಲೆಗೆಂದು ಮಾರುವ ವಿಟಮಿನ್ ಸಿ ಸೀರಮ್‌ಗಳಲ್ಲಿ ಅದು ಶೇ 10ರಿಂದ 20ರವರೆಗೆ ಇರುತ್ತದೆ. ರಸದಲ್ಲಿ ಹೆಚ್ಚಾಗಿರುವುದು ಸಿಟ್ರಿಕ್ ಆಮ್ಲ, ಅದರ ಪ್ರಮಾಣವೂ ಹಣ್ಣಿನಿಂದ ಹಣ್ಣಿಗೆ ಬೇರೆ.

ಅದಕ್ಕಿಂತ ಕೆಟ್ಟದ್ದು ಬಿಸಿಲಿನಲ್ಲಿ ಆಗುತ್ತದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ರಾಸಾಯನಿಕಗಳಿರುತ್ತವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಆ ಜಾಗ ಸುಟ್ಟಂತಾಗುತ್ತದೆ. ಅಲರ್ಜಿ ಇರುವವರಿಗೆ ಮಾತ್ರ ಹೀಗಾಗುತ್ತದೆ ಎಂದೇನಿಲ್ಲ, ಯಾರಿಗಾದರೂ ಆಗಬಹುದು. ಕೂಡಲೇ ತಿಳಿಯುವುದಿಲ್ಲ, ಒಂದೆರಡು ದಿನ ಬಿಟ್ಟು ಕೆಂಪಾಗುತ್ತದೆ, ಕೆಲವೊಮ್ಮೆ ನೀರುಗುಳ್ಳೆ ಏಳುತ್ತದೆ, ಆಮೇಲೆ ಅದೇ ಆಕಾರದಲ್ಲಿ ಕಂದು ಕಪ್ಪು ಕಲೆ ಕೂರುತ್ತದೆ. ಆ ಆಕಾರ ನೋಡಿಯೇ ನಾವು ಗುರುತಿಸುತ್ತೇವೆ. ಮೊಡವೆಯ ಕಲೆ ದುಂಡಗೆ, ಚುಕ್ಕಿಚುಕ್ಕಿಯಾಗಿರುತ್ತದೆ. ನಿಂಬೆಯದು ಹಾಗಲ್ಲ. ಕೆನ್ನೆಯ ಮೇಲೆ ಬೆರಳು ಎಳೆದ ಪಟ್ಟೆ, ಗದ್ದದಿಂದ ಕತ್ತಿಗೆ ಹನಿ ಇಳಿದ ಗೆರೆ, ಹಿಂಡಿದ ಕೈಯ ಬೆರಳ ಸಂದಿಯಲ್ಲಿ ಅದೇ ಬಣ್ಣ. ಇಂಥ ಕಲೆ ಮಾಸಲು ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಕಲೆ ಹೋಗಲಿ ಎಂದು ಇದರ ಮೇಲೆಯೇ ಮತ್ತೆ ನಿಂಬೆ ತಿಕ್ಕಿಕೊಂಡು ಬರುವವರು ಕಡಿಮೆಯೇನಿಲ್ಲ. ನಿಮ್ಮ ಕಲೆಗಳಲ್ಲಿ ಗೆರೆಯಂತಿರುವವು ಇವೆಯೇ ಎಂದು ಹಗಲು ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಟೂತ್‌ಪೇಸ್ಟ್ ವಿಷಯದಲ್ಲಿ ಜನ ಮೋಸಹೋಗುವುದಕ್ಕೆ ಒಂದು ಕಾರಣವಿದೆ: ಅದು ಮೊಡವೆಯನ್ನು ನಿಜವಾಗಿಯೂ ಒಣಗಿಸುತ್ತದೆ. ಹಲ್ಲಿನ ಎನಾಮೆಲ್‌ಗೆಂದು ಮಾಡಿದ ವಸ್ತುವಿನಲ್ಲಿ ನೊರೆಗಾಗಿ ಸೋಡಿಯಂ ಲಾರಿಲ್ ಸಲ್ಫೇಟ್, ಉಜ್ಜಲು ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್, ಕೆಲವದರಲ್ಲಿ ಅಡಿಗೆ ಸೋಡಾ, ತಂಪಿಗೆ ಮೆಂಥಾಲ್ ಇರುತ್ತವೆ. ಮೆಂಥಾಲ್ ತಾತ್ಕಾಲಿಕವಾಗಿ ನೋವು ಮರೆಸುತ್ತದೆ. ಉಳಿದವು ಮೇಲ್ಪದರದ ನೀರು, ಎಣ್ಣೆ ಎರಡನ್ನೂ ಹೀರಿ ಅದನ್ನು ಬಿಗಿಯುತ್ತವೆ. ಬೆಳಿಗ್ಗೆ ಊತ ಇಳಿದಂತೆ ಕಾಣುತ್ತದೆ. ರಂಧ್ರದ ಒಳಗಿನ ಅಡಚಣೆ ಇದ್ದಲ್ಲೇ ಇದೆ. ಅದರ ಮೇಲೆ ಈಗ ಒರಟಾದ ಸಿಪ್ಪೆಯೊಂದು ಹೆಚ್ಚಾಗಿದೆ ಅಷ್ಟೆ. ಜೊತೆಗೆ, ಇಡೀ ರಾತ್ರಿ ಬಿಟ್ಟ ಪೇಸ್ಟ್ ಮೊಡವೆಯ ಸುತ್ತಲಿನ ಚೆನ್ನಾಗಿದ್ದ ಚರ್ಮವನ್ನೂ ಕೆರಳಿಸುತ್ತದೆ. ಕಂದು ಚರ್ಮದಲ್ಲಿ ಎಲ್ಲಿ ಕೆರಳಿಕೆಯಾಗುತ್ತದೆಯೋ ಅಲ್ಲಿ ಬಣ್ಣದ ಕೋಶಗಳು ಹೆಚ್ಚು ಮೆಲನಿನ್ ಸುರಿಯುತ್ತವೆ. ಹಾಗಾಗಿ ನಾಲ್ಕು ದಿನದಲ್ಲಿ ಹೋಗಬೇಕಿದ್ದ ಮೊಡವೆ ನಾಲ್ಕು ತಿಂಗಳ ಕಲೆ ಬಿಟ್ಟು ಹೋಗುತ್ತದೆ. ಮೊಡವೆಗಿಂತ ದೊಡ್ಡದಾದ, ಪೇಸ್ಟ್ ಹಚ್ಚಿದಷ್ಟೇ ಅಗಲದ ಕಲೆ ಇದ್ದರೆ ಅದು ಮೊಡವೆ ಮಾಡಿದ್ದಲ್ಲ, ಪೇಸ್ಟ್ ಮಾಡಿದ್ದು. ಬಾಯಿಯ ಸುತ್ತ ಪದೇ ಪದೇ ಹಚ್ಚುವವರಲ್ಲಿ ಸಣ್ಣ ಕೆಂಪು ಗುಳ್ಳೆಗಳ ಬೇರೆಯೇ ತೊಂದರೆ ಶುರುವಾಗುವುದೂ ಉಂಟು.

ಮೊಡವೆ ಎದ್ದ ರಾತ್ರಿ ಏನಾದರೂ ಹಚ್ಚಲೇಬೇಕು ಎಂದು ಕೈ ತುರಿಸುತ್ತಿದ್ದರೆ, ಬಾಯಿ ತೆರೆದ, ಕೀವು ಕಾಣುವ ಮೊಡವೆಗೆ ಹೈಡ್ರೊಕೊಲಾಯ್ಡ್ ಪಟ್ಟಿ ಅಂಟಿಸಿ ಮಲಗಿ. ದ್ರವವನ್ನು ಅದು ಹೀರಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಉಗುರನ್ನು ದೂರವಿಡುತ್ತದೆ. ಒಳಗೇ ಇರುವ ಗಟ್ಟಿ ಗಂಟಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಸ್ಕ್ರಬ್ ಬಗ್ಗೆ ನನಗೆ ತಾಳ್ಮೆ ಕಡಿಮೆ. ಅದರ ಹಿಂದಿರುವ ನಂಬಿಕೆಯೇ ತಪ್ಪು, ಮೊಡವೆ ಎಂದರೆ ಕೊಳೆ, ಉಜ್ಜಿದರೆ ಹೋಗುತ್ತದೆ ಎಂಬುದು. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ಅದು ಗಾಳಿಗೆ ತೆರೆದುಕೊಂಡ ಎಣ್ಣೆ ಮತ್ತು ಕೋಶಗಳ ಅಡಚಣೆಯ ತುದಿ, ಮೆಲನಿನ್‌ನಿಂದ ಮತ್ತು ಗಾಳಿಯ ಆಮ್ಲಜನಕದಿಂದ ಕಪ್ಪಾಗಿರುತ್ತದೆ. ವಾಲ್‌ನಟ್ ಚಿಪ್ಪು, ಏಪ್ರಿಕಾಟ್ ಬೀಜದ ಪುಡಿ ಇರುವ ಸ್ಕ್ರಬ್ ಚರ್ಮದ ಮೇಲ್ಪದರವನ್ನು ಮಾತ್ರ ಕೆರೆಯುತ್ತದೆ. ರಂಧ್ರದ ಆಳಕ್ಕೆ ಆ ಕಣಗಳು ಇಳಿಯುವುದಿಲ್ಲ. ಇಳಿಯದಿದ್ದರೆ ಹೋಗಲಿ, ಉಜ್ಜುವ ಒತ್ತಡಕ್ಕೆ ಆಗಲೇ ಉಬ್ಬಿ ತೆಳುವಾಗಿದ್ದ ರಂಧ್ರದ ಗೋಡೆ ಒಳಮುಖವಾಗಿ ಒಡೆಯಬಹುದು. ಹಾಗಾದಾಗ ಕೆಲವೇ ದಿನಗಳಲ್ಲಿ ಸದ್ದಿಲ್ಲದೆ ಇದ್ದ ಸಣ್ಣ ಗುಳ್ಳೆ ಕೆಂಪು ಮೊಡವೆಯಾಗಿ ಎದ್ದಿರುತ್ತದೆ. ಸ್ಕ್ರಬ್ ಮಾಡಿದ ಎರಡು ಮೂರು ದಿನಕ್ಕೆ ಸರಿಯಾಗಿ ಹೊಸ ಮೊಡವೆ ಏಳುತ್ತಿದೆಯೇ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿ. ಮೂಗಿನ ಮೇಲೆ ಸಮ ಅಂತರದಲ್ಲಿ ಕಾಣುವ, ಒತ್ತಿದರೆ ದಾರದಂತೆ ಬರುವ ಬೂದು ಚುಕ್ಕಿಗಳು ಬ್ಲ್ಯಾಕ್‌ಹೆಡ್‌ಗಳೇ ಅಲ್ಲ. ಎಣ್ಣೆ ಮೇಲೆ ಬರುವ ಸಹಜ ದಾರಿ. ತೆಗೆದರೆ ಕೆಲವು ವಾರಗಳಲ್ಲಿ ಮತ್ತೆ ತುಂಬುತ್ತವೆ. ಅವುಗಳ ಜೊತೆ ಹೋರಾಡಬೇಡಿ.

ಇಷ್ಟಾದ ಮೇಲೆ ಕ್ರಮಕ್ಕೆ ಬರೋಣ. ಉರಿ ಇರುವ ಚರ್ಮಕ್ಕೆ ಮೊಡವೆಯ ಔಷಧ ಹಚ್ಚಿದರೆ ಇನ್ನೂ ಉರಿಯುತ್ತದೆ, ನೀವು ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಹಾಗಾಗಿ ಮೊದಲ ಎರಡು ವಾರ ಔಷಧವೇ ಬೇಡ. ಸೋಪು, ನಿಂಬೆ, ಪೇಸ್ಟ್, ಸ್ಕ್ರಬ್ ನಾಲ್ಕನ್ನೂ ಒಂದೇ ದಿನ ನಿಲ್ಲಿಸಿ. ಬೆಳಿಗ್ಗೆ ಮತ್ತು ರಾತ್ರಿ, ದಿನಕ್ಕೆ ಎರಡೇ ಸಲ ಸೌಮ್ಯವಾದ ಫೇಸ್‌ವಾಶ್, ಮೇಲೆ ಹಗುರವಾದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ಈ ಅವಧಿಯಲ್ಲಿ ಮೊಡವೆ ಏಳುವುದು ನಿಲ್ಲುವುದಿಲ್ಲ, ಏಳಲಿ. ಕೇವಲ ನೀರು ಹಾಕಿದಾಗ ಮುಖ ಚುರುಗುಟ್ಟುವುದು ನಿಂತಿತು, ತೊಳೆದ ಮೇಲೆ ಬಿಗಿತವಿಲ್ಲ ಎಂದಾದರೆ ಚರ್ಮ ಔಷಧಕ್ಕೆ ಸಿದ್ಧವಾಗಿದೆ ಎಂದರ್ಥ. ಎರಡು ವಾರಕ್ಕೂ ಆಗದಿದ್ದರೆ ಮೂರನೆಯ ವಾರವೂ ಕಾಯಿರಿ.

ಫೇಸ್‌ವಾಶ್ ಹೇಗಿರಬೇಕು? ತೊಳೆದ ಮೇಲೆ ಕೆನ್ನೆಗೆ ಬೆರಳು ಉಜ್ಜಿದರೆ ಕೀಚು ಸದ್ದು ಬರಬಾರದು. ಆ ಸದ್ದನ್ನು ಶುಚಿತ್ವದ ಗುರುತು ಎಂದು ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ಅಂಗೈಯಲ್ಲಿ ಸ್ವಲ್ಪ ಫೇಸ್‌ವಾಶ್ ಹಾಕಿಕೊಂಡು, ಬೆರಳ ತುದಿಯಿಂದ ಅರ್ಧ ನಿಮಿಷ ಮೆಲ್ಲನೆ ತೀಡಿ, ಬಿಸಿಯಲ್ಲದ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸದೆ ಒತ್ತಿ ಆರಿಸಿ. ನಡುವೆ ಬೆವರಿದಾಗ, ವ್ಯಾಯಾಮ ಮುಗಿದಾಗ ಬರಿಯ ನೀರು ಸಾಕು. ಕಚೇರಿಯಲ್ಲಿ ಜಿಡ್ಡು ಕಿರಿಕಿರಿಯೆನಿಸಿದರೆ ಎಣ್ಣೆ ಹೀರುವ ತೆಳು ಕಾಗದವನ್ನು ಹಣೆ ಮೂಗಿಗೆ ಒತ್ತಿ ತೆಗೆಯಿರಿ. ಅದರಿಂದ ಮೊಡವೆ ಕಡಿಮೆಯಾಗುವುದಿಲ್ಲ, ಹೆಚ್ಚೂ ಆಗುವುದಿಲ್ಲ, ಹೊಳಪು ಇಳಿಯುತ್ತದೆ.

ಮಾಯಿಶ್ಚರೈಸರ್ ಬಿಳಿ ಗಟ್ಟಿ ಕ್ರೀಮ್ ಆಗಿರಬೇಕಿಲ್ಲ. ಗ್ಲಿಸರಿನ್ ಅಥವಾ ಹಯಲುರಾನಿಕ್ ಆಮ್ಲ ಇರುವ, ನೀರಿನಂಶ ಹೆಚ್ಚಿರುವ ಜೆಲ್ ಆರಿಸಿಕೊಳ್ಳಿ. ಶೇ 4 ಅಥವಾ 5ರಷ್ಟು ನಿಯಾಸಿನಮೈಡ್ ಸೇರಿದ್ದರೆ ಒಳ್ಳೆಯದು, ಕೆಂಪು ಮತ್ತು ಕಲೆ ಎರಡಕ್ಕೂ ಅದರಿಂದ ಸ್ವಲ್ಪ ಸಹಾಯವಿದೆ. ರಂಧ್ರ ಮುಚ್ಚುವುದಿಲ್ಲ ಎಂಬರ್ಥದಲ್ಲಿ ಡಬ್ಬಿಯ ಮೇಲೆ ಹಾಕುವ ‘ನಾನ್‌ಕಾಮಿಡೊಜೆನಿಕ್’ ಎಂಬ ಬರಹವನ್ನು ಪೂರ್ತಿ ನಂಬಬೇಡಿ, ಅದಕ್ಕೆ ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆ ಎಂಬುದಿಲ್ಲ. ಆದರೂ ಆ ಬರಹ ಇರುವುದು ಇಲ್ಲದ್ದಕ್ಕಿಂತ ಮೇಲು. ತೀರಾ ಸೆಕೆಯ ಹಗಲಿನಲ್ಲಿ ಸನ್‌ಸ್ಕ್ರೀನ್ ಒಂದೇ ಸಾಕೆನಿಸಿದರೆ ಬೆಳಗಿನ ಮಾಯಿಶ್ಚರೈಸರ್ ಬಿಡಬಹುದು, ರಾತ್ರಿಯದನ್ನು ಬಿಡಬೇಡಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಜೆಲ್ ಅಥವಾ ಹಗುರ ದ್ರವ ರೂಪದ್ದು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದರೆ ಮುಖ ಕತ್ತಿಗೆ ಬೇಕಾದಷ್ಟಾಗುತ್ತದೆ. ಬಹಳ ಜನ ಅದರ ಕಾಲು ಭಾಗ ಹಚ್ಚಿ ಇದು ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹಚ್ಚುವ ಮೊದಲು ಬೆವರನ್ನು ಒತ್ತಿ ಒರೆಸಿಕೊಳ್ಳದಿದ್ದರೆ ಅದು ಬಿಳಿ ಎಳೆಗಳಾಗಿ ಇಳಿಯುತ್ತದೆ. ಕಲೆಗಳೇ ನಿಮ್ಮ ದೊಡ್ಡ ಚಿಂತೆಯಾದ್ದರಿಂದ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಗಾಢಗೊಳಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ.

ಮೂರನೆಯ ವಾರದಿಂದ ರಾತ್ರಿಯ ಔಷಧ. ನಾನು ನಿಮಗೆ ಸೂಚಿಸುವುದು ಶೇ 0.1ರ ಅಡಾಪಲೀನ್ ಜೆಲ್. ರಂಧ್ರದ ಒಳಗೋಡೆಯ ಕೋಶಗಳು ಅಂಟಿಕೊಳ್ಳದೆ ಬಿಡಿಯಾಗಿ ಉದುರುವಂತೆ ಮಾಡುವುದು ಅದರ ಕೆಲಸ. ಅಂದರೆ ಮೊಡವೆ ಹುಟ್ಟುವ ಜಾಗಕ್ಕೇ ಅದು ಕೈ ಹಾಕುತ್ತದೆ. ಶುರು ಮಾಡುವ ಮೊದಲು ವೈದ್ಯರೊಬ್ಬರಿಗೆ ಮುಖ ತೋರಿಸಿ. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ಇದನ್ನು ಬಳಸಬಾರದು. ಅವರಿಗೆ ಅಝೆಲಾಯಿಕ್ ಆಮ್ಲವಿದೆ, ಅದು ಮೊಡವೆಗೂ ಆಗುತ್ತದೆ ಕಲೆಗೂ ಆಗುತ್ತದೆ.

ಹಚ್ಚುವ ಬಗೆಯಲ್ಲೇ ಅರ್ಧ ಜನ ಎಡವುತ್ತಾರೆ. ಮುಖ ತೊಳೆದು ಹತ್ತು ಹದಿನೈದು ನಿಮಿಷ ಪೂರ್ತಿ ಆರಲು ಬಿಡಿ. ಸೆಕೆಯ ಊರಿನಲ್ಲಿ ಇದಕ್ಕೆ ಫ್ಯಾನಿನ ಕೆಳಗೆ ಕೂರಬೇಕಾಗಬಹುದು, ಏಕೆಂದರೆ ಒದ್ದೆ ಚರ್ಮದೊಳಗೆ ಔಷಧ ಬೇಗ ಇಳಿದು ಹೆಚ್ಚು ಉರಿಸುತ್ತದೆ. ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಗದ್ದಕ್ಕೆ ಒಂದೊಂದು ಚುಕ್ಕಿ ಇಟ್ಟು ತೆಳುವಾಗಿ ಹರಡಿ. ಇಡೀ ಮುಖಕ್ಕೆ ಅಷ್ಟೇ. ಕಣ್ಣಿನ ರೆಪ್ಪೆ, ಮೂಗಿನ ಅಂಚು, ತುಟಿಯ ಮೂಲೆ ಬಿಡಿ. ಮೇಲೆ ಮಾಯಿಶ್ಚರೈಸರ್. ತೀರಾ ಸೂಕ್ಷ್ಮ ಚರ್ಮವಾದರೆ ಮೊದಲು ಮಾಯಿಶ್ಚರೈಸರ್, ಆಮೇಲೆ ಜೆಲ್. ಮೊದಲ ಎರಡು ವಾರ ಮೂರು ರಾತ್ರಿಗೊಮ್ಮೆ, ಮುಂದಿನ ಎರಡು ವಾರ ದಿನ ಬಿಟ್ಟು ದಿನ, ತಾಳಿಕೊಂಡರೆ ಆಮೇಲೆ ಪ್ರತಿ ರಾತ್ರಿ. ಸ್ವಲ್ಪ ಸಿಪ್ಪೆ, ಸ್ವಲ್ಪ ಒಣಗುವಿಕೆ ಸಹಜ. ಉರಿ ಬೆಳಗಿನವರೆಗೂ ಉಳಿದರೆ ಅಥವಾ ಮುಖ ಊದಿದರೆ ಕೆಲವು ದಿನ ನಿಲ್ಲಿಸಿ, ಮತ್ತೆ ಅಂತರ ಹೆಚ್ಚಿಸಿ ಶುರು ಮಾಡಿ.

ಮೊದಲ ತಿಂಗಳಲ್ಲಿ ಮೊಡವೆ ಹೆಚ್ಚಾದಂತೆ ಕಾಣಬಹುದು. ಒಳಗೆ ಸಿದ್ಧವಾಗಿದ್ದವು ಬೇಗ ಬೇಗ ಮೇಲೆ ಬರುತ್ತವೆ. ಔಷಧ ಕೆಲಸ ಮಾಡುತ್ತಿದೆಯೇ ಎಂದು ಎಣಿಸಬೇಕಾದದ್ದು ಹನ್ನೆರಡನೆಯ ವಾರದಲ್ಲಿ. ಎಣಿಸುವುದೂ ಹಳೆಯ ಮೊಡವೆಗಳನ್ನಲ್ಲ, ಆ ವಾರ ಹೊಸದಾಗಿ ಎದ್ದವನ್ನು. ತಿಂಗಳಿಗೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದಿನವೂ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ.

ಕೆಂಪು, ಕೀವಿನ ಮೊಡವೆಗಳು ಆರೇಳು ವಾರವಾದರೂ ಬರುತ್ತಲೇ ಇದ್ದರೆ ಬೆಳಿಗ್ಗೆ ಬೆಂಜಾಯ್ಲ್ ಪೆರಾಕ್ಸೈಡ್ ಸೇರಿಸಿ. ಶೇ 2.5ರದ್ದು ಸಾಕು. ಶೇ 10ರದ್ದು ಹೆಚ್ಚು ಕೆಲಸ ಮಾಡುವುದಿಲ್ಲ, ಹೆಚ್ಚು ಉರಿಸುತ್ತದೆ. ಬೆವರುವವರಿಗೆ ನಾನು ಹೇಳುವ ಉಪಾಯವೆಂದರೆ ಮುಖಕ್ಕೆ ತೆಳುವಾಗಿ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದುಬಿಡುವುದು. ದಿನವಿಡೀ ಬೆವರಿನೊಂದಿಗೆ ಅದು ಕಣ್ಣಿಗೆ, ಕತ್ತಿಗೆ ಇಳಿಯುವುದು ತಪ್ಪುತ್ತದೆ. ಬಿಳಿ ಟವೆಲ್ ಬಳಸಿ. ಬಣ್ಣದ ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ, ಮರಳಿ ಬರುವುದಿಲ್ಲ. ಬ್ಯಾಕ್ಟೀರಿಯಾ ಇದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಆಂಟಿಬಯೊಟಿಕ್‌ಗೆ ಬೆಳೆಸಿಕೊಳ್ಳುತ್ತದೆ, ಹಾಗಾಗಿ ಬರೀ ಆಂಟಿಬಯೊಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಬಾರದು.

ಸ್ಕ್ರಬ್ ಬಿಟ್ಟದ್ದಕ್ಕೆ ಬದಲಿ ಬೇಕೇ ಬೇಕು ಎನ್ನುವವರಿಗೆ ಶೇ 2ರ ಸ್ಯಾಲಿಸಿಲಿಕ್ ಆಮ್ಲವಿದೆ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿಯುತ್ತದೆ, ಕಣಗಳಿಂದ ಆಗದ ಕೆಲಸ ಅದರಿಂದ ಆಗುತ್ತದೆ. ಆದರೆ ನೀವು ಅಡಾಪಲೀನ್‌ಗೆ ಒಗ್ಗಿಕೊಳ್ಳುವವರೆಗೆ ಇದನ್ನು ಮುಟ್ಟಬೇಡಿ. ಮೂರೂ ಒಂದೇ ವಾರ ಶುರು ಮಾಡಿದರೆ ಮುಖ ಉರಿದಾಗ ಯಾವುದರಿಂದ ಉರಿಯಿತು ಎಂದು ತಿಳಿಯುವುದೇ ಇಲ್ಲ.

ನಿಮ್ಮ ಗುಳ್ಳೆಗಳ ಬಗ್ಗೆ ಒಂದು ಸಂಶಯ ಪರಿಹರಿಸಿಕೊಳ್ಳಿ. ಹಣೆ, ಕೂದಲ ಅಂಚು, ಎದೆ, ಬೆನ್ನಿನ ಮೇಲೆ ಎಲ್ಲವೂ ಒಂದೇ ಗಾತ್ರದ, ಸಾಸಿವೆಯಷ್ಟೇ ಇರುವ ಗುಳ್ಳೆಗಳು, ಬೆವರಿದಾಗ ತುರಿಕೆ, ಜೊತೆಗೆ ಬ್ಲ್ಯಾಕ್‌ಹೆಡ್ ಎಂಬುದೇ ಇಲ್ಲ, ಹೀಗಿದ್ದರೆ ಅದು ಮೊಡವೆಯಲ್ಲದಿರಬಹುದು. ಮಲಸೇಜಿಯ ಎಂಬ ಯೀಸ್ಟ್ ರಂಧ್ರಗಳಲ್ಲಿ ಹೆಚ್ಚಾದಾಗ ಹೀಗಾಗುತ್ತದೆ, ಸೆಕೆಯ ನಗರಗಳಲ್ಲಿ ಇದು ಸಾಮಾನ್ಯ. ಮೊಡವೆಯೆಂದು ಆಂಟಿಬಯೊಟಿಕ್ ಮಾತ್ರೆ ನುಂಗಿದರೆ ಇದು ಇನ್ನೂ ಹೆಚ್ಚುತ್ತದೆ, ಏಕೆಂದರೆ ಯೀಸ್ಟ್‌ಗೆ ಪೈಪೋಟಿ ಕೊಡುತ್ತಿದ್ದ ಬ್ಯಾಕ್ಟೀರಿಯಾ ಸಾಯುತ್ತದೆ. ಕೀಟೊಕೊನಜೋಲ್‌ನಂತಹ ಶಿಲೀಂಧ್ರ ನಿವಾರಕಕ್ಕೆ ಇದು ಬಗ್ಗುತ್ತದೆ. ಮಾಮೂಲಿ ಮೊಡವೆಯಲ್ಲಿ ತುರಿಕೆಗಿಂತ ನೋವು ಹೆಚ್ಚು, ಗಾತ್ರಗಳೂ ಬೇರೆ ಬೇರೆ. ಗುಳ್ಳೆಗಳು ಹಣೆಯ ಮೇಲ್ಭಾಗಕ್ಕೆ ಮಾತ್ರ ಸೀಮಿತವಾಗಿದ್ದರೆ ತಲೆಗೆ ಹಚ್ಚುವ ಎಣ್ಣೆ, ಜೆಲ್ ಅಲ್ಲಿಗೆ ಇಳಿಯುತ್ತಿದೆಯೇ ನೋಡಿ.

ಕಲೆಗೆಂದು ಯಾರಾದರೂ ಕೊಟ್ಟ, ಒಂದೇ ವಾರದಲ್ಲಿ ಮುಖ ಬೆಳ್ಳಗೆ ನುಣುಪಾಗಿಸುವ ಕ್ರೀಮಿನ ಹಿಂಬದಿ ಓದದೆ ಹಚ್ಚಬೇಡಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೆರಾಯ್ಡ್. ಕೆಲವು ವಾರ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಬಿಟ್ಟ ಕೂಡಲೇ ಕೆಂಪು, ಉರಿ ಮತ್ತು ಮೊದಲಿಗಿಂತ ಕೆಟ್ಟ ಗುಳ್ಳೆಗಳು. ಆಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಮಾತ್ರ ದಿಢೀರನೆ ನಿಲ್ಲಿಸದೆ ವೈದ್ಯರ ಬಳಿ ಹೋಗಿ.

ಮೊಡವೆ ಬಿಟ್ಟುಹೋದ ಕಂದು ಕಲೆಗೆ ಹೆಚ್ಚಿನ ಪಾಲು ಮದ್ದು ಬಿಸಿಲು ತಡೆ ಮತ್ತು ಕಾಲ. ಹೊಸ ಕೆರಳಿಕೆ ನಿಂತರೆ ಅದು ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ, ಅಡಾಪಲೀನ್ ಕೂಡ ಅದಕ್ಕೆ ನೆರವಾಗುತ್ತದೆ. ಕಲೆಯಿರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ: ಸಮತಟ್ಟಾಗಿದ್ದರೆ ಕಾಯಬಹುದು. ಹಳ್ಳ ಬಿದ್ದಿದ್ದರೆ ಅದು ಗಾಯದ ಗುರುತು, ಯಾವ ಕ್ರೀಮಿನಿಂದಲೂ ತುಂಬುವುದಿಲ್ಲ. ಹಳ್ಳಗಳು ಬೀಳಲು ಶುರುವಾಗಿದ್ದರೆ, ಚರ್ಮದಾಳದಲ್ಲಿ ನೋಯುವ ಗಂಟುಗಳಿದ್ದರೆ ಹನ್ನೆರಡು ವಾರ ಕಾಯಬೇಡಿ, ಈಗಲೇ ಚರ್ಮತಜ್ಞರನ್ನು ಕಾಣಿ. ಅಂಥವಕ್ಕೆ ಮಾತ್ರೆಗಳು ಬೇಕಾಗುತ್ತವೆ. ದವಡೆಯ ಸಾಲಿನಲ್ಲೇ ಮೊಡವೆ, ಜೊತೆಗೆ ಮುಟ್ಟು ಏರುಪೇರಾಗಿರುವುದು, ಗದ್ದದ ಮೇಲೆ ಗಡುಸು ಕೂದಲು ಬರುತ್ತಿರುವುದು ಇದ್ದರೆ ಹಾರ್ಮೋನು ಪರೀಕ್ಷೆಯ ಮಾತನ್ನು ನೀವೇ ಎತ್ತಿ, ಮುಖ ಮಾತ್ರ ನೋಡಿ ಚೀಟಿ ಬರೆದುಕೊಡುವವರೂ ಇದ್ದಾರೆ.